ಡಿಸೆಂಬರ್ ರಜೆಯ ಅರ್ಜಿಯಲ್ಲಿ ಕೆಲಸದ ಬದಲಿ ವ್ಯವಸ್ಥೆಯನ್ನು ಹೇಗೆ ಬರೆದಿರಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ಶಿವಮೊಗ್ಗದ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಕೊಯ್ಲಿಗೆ ಡಿಸೆಂಬರ್ 8ರಿಂದ 20ರವರೆಗೆ ವಾರ್ಷಿಕ ರಜೆ ಬೇಕು. ವ್ಯವಸ್ಥಾಪಕರು "ನಿಮ್ಮ ಕೆಲಸ ಯಾರು ಮಾಡುತ್ತಾರೆ, ಬರೆದು ಕೊಡಿ" ಎಂದಿದ್ದಾರೆ. ಹೇಗೆ ಬರೆಯಬೇಕು?

ಮಾಚೇನಹಳ್ಳಿ ಲೆಕ್ಕಿಗ: ನಾನೂ ಇದೇ ಕೆಲಸದಲ್ಲಿದ್ದು, ಇದೇ ಕೊಯ್ಲಿಗಾಗಿ ಡಿಸೆಂಬರ್‌ನಲ್ಲೇ ರಜೆ ಪಡೆಯುತ್ತ ಬಂದಿದ್ದೇನೆ. ನನ್ನ ಮೊದಲ ಅರ್ಜಿಯಲ್ಲಿ "ಸಹಾಯಕರು ನೋಡಿಕೊಳ್ಳುತ್ತಾರೆ" ಎಂಬ ಒಂದೇ ವಾಕ್ಯವಿತ್ತು. ನಮ್ಮ ವ್ಯವಸ್ಥಾಪಕರು ಅದರ ಕೆಳಗೆ "ಏನನ್ನು?" ಎಂದು ಬರೆದು ಹಿಂದಿರುಗಿಸಿದರು. ಆ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅಂದಿನಿಂದ ನಾನು ರಜೆಯ ಅವಧಿಯಲ್ಲಿ ಬೀಳುವ ಕೊನೆಯ ದಿನಾಂಕಗಳನ್ನು ಮೊದಲು ಬರೆಯುತ್ತೇನೆ, ಆಳುಗಳ ಹೆಸರು ಆಮೇಲೆ.

ಡಿಸೆಂಬರ್‌ನಲ್ಲಿ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಭವಿಷ್ಯನಿಧಿ, ಇಎಸ್‌ಐ ಮತ್ತು ಮುಂಗಡ ತೆರಿಗೆಯ ಮೂರನೆಯ ಕಂತು, 20ಕ್ಕೆ ಜಿಎಸ್‌ಟಿಆರ್-3ಬಿ. ಕೇಳುವವರಿಗೆ ಇಷ್ಟೂ ಕೆಲಸ ಅನಾಥವಾಗುತ್ತದೆ ಎಂದು ಭಯವಾಗುವುದು ಸಹಜ. ಆದರೆ ನವೆಂಬರ್ ಸಂಬಳ ಆದ ಕೂಡಲೇ ಭವಿಷ್ಯನಿಧಿ ಮತ್ತು ಇಎಸ್‌ಐ ಕಟ್ಟಿ ಮುಗಿಸಬಹುದು. ಮಾರಾಟದ ಬಿಲ್ಲುಗಳು ಸರಿಯಿದ್ದರೆ ಜಿಎಸ್‌ಟಿಆರ್-1 ಅನ್ನು 7ರೊಳಗೇ ಸಲ್ಲಿಸಬಹುದು. ಮುಂಗಡ ತೆರಿಗೆಯ ಅಂದಾಜನ್ನು ಲೆಕ್ಕ ಪರಿಶೋಧಕರಿಂದ ಮೊದಲೇ ಪಡೆದು ಚಲನ್ ಸಿದ್ಧಪಡಿಸಬಹುದು. ನಿಜವಾಗಿ ಹಿಂದೆ ಉಳಿಯುವುದು 3ಬಿ ಒಂದೇ. ಖರೀದಿಯ ಮೇಲಿನ ತೆರಿಗೆ ಜಮೆಯನ್ನು ತೋರಿಸುವ 2ಬಿ ಪಟ್ಟಿ 14ಕ್ಕೆ ಬರುತ್ತದೆ, ಅದಕ್ಕೆ ತಾಳೆ ನೋಡದೆ 3ಬಿ ಸಲ್ಲಿಸುವುದು ತರವಲ್ಲ, ಒಮ್ಮೆ ಸಲ್ಲಿಸಿದ 3ಬಿಯನ್ನು ತಿದ್ದಲೂ ಬರುವುದಿಲ್ಲ.

ಆದ್ದರಿಂದ ನನ್ನ ಅರ್ಜಿಯ ಮುಖ್ಯ ಭಾಗ ಹೀಗಿತ್ತು: "7ನೇ ತಾರೀಕಿನ ಸಂಜೆಯೊಳಗೆ ಟಿಡಿಎಸ್, ಭವಿಷ್ಯನಿಧಿ, ಇಎಸ್‌ಐ ಮತ್ತು ಜಿಎಸ್‌ಟಿಆರ್-1 ಮುಗಿಸಿ ರಸೀದಿಗಳನ್ನು ತಮ್ಮ ಮೇಜಿನ ಮೇಲಿಡುತ್ತೇನೆ. ಮುಂಗಡ ತೆರಿಗೆಯ ಚಲನ್ ಸಿದ್ಧವಿರುತ್ತದೆ, 15ರೊಳಗೆ ತಮ್ಮ ಅನುಮೋದನೆ ಬೇಕು. ನವೆಂಬರ್ ಖರೀದಿ ಪುಸ್ತಕವನ್ನು ನಾನೇ ಮುಗಿಸಿರುತ್ತೇನೆ. 14ರ ನಂತರ ಸಹಾಯಕರು 2ಬಿಗೆ ತಾಳೆ ನೋಡುತ್ತಾರೆ, ತಾಳೆಯಾಗದ ಬಿಲ್ಲುಗಳ ಜಮೆಯನ್ನು ಈ ತಿಂಗಳು ತೆಗೆದುಕೊಳ್ಳುವುದಿಲ್ಲ. 17ಕ್ಕೆ ತೆರಿಗೆ ಸಲಹೆಗಾರರು ಪರಿಶೀಲಿಸುತ್ತಾರೆ, 18ಕ್ಕೆ ಮಾಲೀಕರ ಒಪ್ಪಿಗೆಯೊಂದಿಗೆ ಸಲ್ಲಿಕೆ. ಹೊಸ ಸರಬರಾಜುದಾರರ ಖಾತೆ ತೆರೆಯುವುದು ಮತ್ತು ಹಳೆಯ ಬಾಕಿಗಳ ಹೊಂದಾಣಿಕೆ 21ರವರೆಗೆ ಕಾಯುತ್ತವೆ." ಕಾಯುವ ಕೆಲಸವನ್ನು ಹೀಗೆ ಬಾಯಿಬಿಟ್ಟು ಹೇಳಿದ್ದಕ್ಕೇ ನನಗೆ ಒಪ್ಪಿಗೆ ಸಿಕ್ಕಿತು ಎಂದು ಇಂದಿಗೂ ನಂಬಿದ್ದೇನೆ.

ಸಾಗರದ ಗುಮಾಸ್ತ: ಇಷ್ಟು ಉದ್ದದ ಅರ್ಜಿಯನ್ನು ಓದಿ ನನಗೆ ಬೇಸರವಾಯಿತು. ನಾನು ಸರ್ಕಾರಿ ಕಚೇರಿಯಲ್ಲಿದ್ದೇನೆ. ನಮಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆ ಇದೆ, ಜನವರಿಯಲ್ಲಿ 15, ಜುಲೈನಲ್ಲಿ 15 ಜಮೆಯಾಗುತ್ತದೆ. ಅದು ನಮ್ಮ ದುಡಿಮೆಯ ಫಲ. ಬದಲಿ ವ್ಯವಸ್ಥೆ ಮಾಡುವುದು ಮೇಲಧಿಕಾರಿಯ ಕೆಲಸ. ಅದನ್ನೂ ನೌಕರನೇ ಬರೆದುಕೊಟ್ಟರೆ, ನಾಳೆ ಏನಾದರೂ ತಪ್ಪಿದಾಗ ಅದೇ ಕಾಗದವನ್ನು ಅವನ ಮುಂದೆ ಹಿಡಿಯುತ್ತಾರೆ. ನನಗೆ ಹಾಗೆಯೇ ಆಗಿದೆ. ನಾನು ಮಗಳ ಮದುವೆಯ ಓಡಾಟದಲ್ಲಿದ್ದಾಗ ಬೇರೊಬ್ಬರು ಮಾಡಬೇಕಿದ್ದ ಕಡತ ತಡವಾಯಿತು, ವಿವರಣೆ ಕೇಳಿ ಪತ್ರ ಬಂದದ್ದು ನನಗೆ.

ಮಾಚೇನಹಳ್ಳಿ ಲೆಕ್ಕಿಗ: ಗಳಿಕೆ ರಜೆಯನ್ನೂ ಹಕ್ಕೆಂದು ಕೇಳಲಾಗದು ಎಂದು ನಿಮ್ಮ ಸೇವಾ ನಿಯಮಗಳೇ ಹೇಳುತ್ತವೆ ಸ್ವಾಮಿ. ನಿಮ್ಮ ಕಡತ ತಡವಾದರೆ ವಿವರಣೆ ಪತ್ರ ಬರುತ್ತದೆ. ನಮ್ಮ 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18 ಬಡ್ಡಿ. ನಮ್ಮಲ್ಲಿ ಹಿಂದಿದ್ದವರ ರಜೆಯಲ್ಲಿ ಹೀಗಾಗಿ, ಕಟ್ಟಿದ ಮೊತ್ತಕ್ಕಿಂತ ಮಾಲೀಕರ ಮುನಿಸೇ ದೊಡ್ಡದಾಗಿ, ಮುಂದೆ ಯಾರಿಗೂ ಡಿಸೆಂಬರ್ ರಜೆ ಇಲ್ಲ ಎಂಬ ಮಾತು ಹುಟ್ಟಿತು. ಅದನ್ನು ಮುರಿಯಲು ನನಗೆ ಬಹಳ ಕಾಲ ಹಿಡಿಯಿತು.

ಭದ್ರಾವತಿಯ ಪಾಳಿಯವ: ಎರಕದ ಕಾರ್ಖಾನೆಯಲ್ಲಿದ್ದ ನನ್ನ ಮಾತನ್ನೂ ಕೇಳಿ. ನಮಗೆ ಅನ್ವಯಿಸುತ್ತಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ 15 ದಿನ ಮೊದಲು ಲಿಖಿತ ಅರ್ಜಿ ಕೊಡಬೇಕಿತ್ತು. ಹಾಗೆ ಕೊಟ್ಟು ನಿರಾಕರಿಸಲ್ಪಟ್ಟ ರಜೆ, 30 ದಿನಗಳ ಮಿತಿಯನ್ನು ಮೀರಿಯೂ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಬಾಯಲ್ಲಿ ಕೇಳಿದವರ ರಜೆ ಕಳೆದುಹೋಯಿತು, ನನ್ನದು ಉಳಿಯಿತು, ಏಕೆಂದರೆ ನನ್ನ ಅರ್ಜಿಯ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ತಾರೀಕು ಇತ್ತು. ಕರಗಿಸುವ ಕುಲುಮೆಯ ಮುಂದೆ ಆಳಿಲ್ಲದಿದ್ದರೆ ಪಾಳಿಯೇ ನಿಲ್ಲುತ್ತದೆ. ಆದ್ದರಿಂದ ಯಾವ ಪಾಳಿಗೆ ಯಾರು ಎಂದು ಬರೆದು, ಬದಲಿಗೆ ಬರುವವರ ಸಹಿಯನ್ನೂ ಅದೇ ಹಾಳೆಯಲ್ಲಿ ಹಾಕಿಸಿದೆ. ಅವರ ಸಹಿ ಇಲ್ಲದ ಬದಲಿ ವ್ಯವಸ್ಥೆ ನಿಮ್ಮೊಬ್ಬರ ಆಸೆ ಅಷ್ಟೆ.

ಬ್ಯಾಂಕಿನಾಕೆ: ಇಲ್ಲಿ ಯಾರೂ ಹೇಳದ ವಿಷಯ ಒಂದಿದೆ. ಹಣಕಾಸಿನ ಕೆಲಸದಲ್ಲಿರುವವರಿಗೆ ವರ್ಷಕ್ಕೆ ಒಮ್ಮೆ ಒಟ್ಟಾಗಿ 10 ಕೆಲಸದ ದಿನಗಳ ರಜೆ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದೆ. ಅರ್ಜಿಯಲ್ಲಿ ಅದನ್ನೇ ಬರೆಯಿರಿ, ನಿರಾಕರಿಸಲು ಬರುವುದಿಲ್ಲ.

ಮಾಚೇನಹಳ್ಳಿ ಲೆಕ್ಕಿಗ: ಅಕ್ಕಾ, ಅದು ಬ್ಯಾಂಕುಗಳ ಸೂಕ್ಷ್ಮ ಹುದ್ದೆಗಳಿಗೆ ಮಾತ್ರ, ಅದೂ ನೌಕರರಿಗೆ ಮುನ್ಸೂಚನೆ ಕೊಡದೆ ಕಳುಹಿಸುವ ರಜೆ, ವಂಚನೆ ಇದ್ದರೆ ಹೊರಬರಲಿ ಎಂದು. ಖಾಸಗಿ ಸಂಸ್ಥೆಯ ವ್ಯವಸ್ಥಾಪಕರ ಮುಂದೆ ಅದನ್ನು ಉಲ್ಲೇಖಿಸಿದರೆ ಅರ್ಜಿಯ ಬೆಲೆ ಹೋಗುತ್ತದೆ. ದಯವಿಟ್ಟು ದಾರಿ ತಪ್ಪಿಸಬೇಡಿ.

ಬ್ಯಾಂಕಿನಾಕೆ: ದಾರಿ ತಪ್ಪಿಸುವ ಮಾತು ಬೇಡ. ನಿಯಮ ಯಾರಿಗಾದರೂ ಇರಲಿ, ಅದರ ಕಾರಣ ಎಲ್ಲರಿಗೂ ಒಂದೇ. ನಿಮ್ಮ ಉದ್ದದ ಅರ್ಜಿಯಲ್ಲಿ ಪಾಸ್‌ವರ್ಡ್ ಯಾರ ಬಳಿ ಇರುತ್ತದೆ ಎಂಬುದೇ ಇಲ್ಲ. ನೀವು ತೋಟದಲ್ಲಿದ್ದು ನಿಮ್ಮ ಹೆಸರಿನ ಲಾಗಿನ್‌ನಿಂದ ಹಣ ಹೋದರೆ ಉತ್ತರಿಸಬೇಕಾದವರು ನೀವೇ. ನಮ್ಮ ಶಾಖೆಯಲ್ಲಿ ಒಬ್ಬ ಗ್ರಾಹಕ ಸಂಸ್ಥೆಯ ಲೆಕ್ಕಿಗರಿಗೆ ಹಾಗೆ ಆಗಿ, ತನಿಖೆ ಮುಗಿಯುವವರೆಗೆ ಅವರು ಪಟ್ಟ ಪಾಡನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ.

ಮಾಚೇನಹಳ್ಳಿ ಲೆಕ್ಕಿಗ: ಅದು ಅರ್ಜಿಯ ಎರಡನೆಯ ಪುಟದಲ್ಲಿತ್ತು, ಇಲ್ಲಿ ಬರೆಯಲಿಲ್ಲ. ಬ್ಯಾಂಕ್ ಪಾವತಿ ದಾಖಲಿಸಲು ಸಹಾಯಕರ ಹೆಸರಿನಲ್ಲೇ ಬೇರೆ ಲಾಗಿನ್ ಮಾಡಿಸಿದ್ದೆ, ಅನುಮೋದನೆ ಮಾಲೀಕರದು. ಬ್ಯಾಂಕಿನ ನಮೂನೆ, ಸಹಿ, ಮತ್ತೆ ಸಹಿ ಹೊಂದಲಿಲ್ಲವೆಂದು ವಾಪಸು, ಹೀಗೆ ಇದಕ್ಕೇ ಎಲ್ಲಕ್ಕಿಂತ ಹೆಚ್ಚು ಸಮಯ ಹೋಯಿತು. ಇದನ್ನು ನವೆಂಬರ್ ಮೊದಲ ವಾರದಲ್ಲೇ ಶುರು ಮಾಡಬೇಕು. ಇ-ವೇ ಬಿಲ್ಲಿಗೆ ಪೋರ್ಟಲ್‌ನಲ್ಲೇ ಉಪ ಬಳಕೆದಾರರನ್ನು ಸೇರಿಸಲು ಬರುತ್ತದೆ, ಅದು ಬೇಗ ಆಗುತ್ತದೆ.

ಆಗುಂಬೆ ಘಟ್ಟದವಳು: ಒಟಿಪಿಯ ಮಾತು ಬರಲಿಲ್ಲವೇಕೆ? ನಮ್ಮ ಕಚೇರಿಯಲ್ಲಿ ಪೋರ್ಟಲ್‌ಗೆ ನೋಂದಾಯಿಸಿದ್ದು ನನ್ನ ಮೊಬೈಲ್ ಸಂಖ್ಯೆ. ನಮ್ಮ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಅಡಿಕೆ ಬೇಯಿಸುವ ಹಂಡೆಯನ್ನು ಬಿಟ್ಟು ನಾನು ಹತ್ತಿದ್ದೂ ಆಯಿತು, ಒಟಿಪಿಯ ಅವಧಿ ಮುಗಿದದ್ದೂ ಆಯಿತು, ಕಚೇರಿಯಲ್ಲಿ ಅದೇ ದಿನ ಮೂವರು ನನ್ನ ಮೇಲೆ ಸಿಟ್ಟಾದರು. ರಜೆಗೆ ಮೊದಲು ಆ ಸಂಖ್ಯೆಯನ್ನು ಮಾಲೀಕರದಕ್ಕೆ ಬದಲಿಸಿ ಎಂದು ಲಿಖಿತವಾಗಿ ಕೇಳಿದ್ದೆ, ಮಾಡಲಿಲ್ಲ. ಕಂಪನಿಯಾದರೆ ಡಿಜಿಟಲ್ ಸಹಿಯ ಕೀಲಿ ಯಾರ ಬಳಿ ಇದೆ, ಅದರ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನೂ ನೋಡಿ.

ಸಾಗರದ ಗುಮಾಸ್ತ: ನೋಡಿ, ರಜೆಯಲ್ಲೂ ಗುಡ್ಡ ಹತ್ತಿಸಿದ್ದಾರೆ. ಇದನ್ನೇ ನಾನು ಹೇಳಿದ್ದು. "ದೂರವಾಣಿಯಲ್ಲಿ ಲಭ್ಯವಿರುತ್ತೇನೆ" ಎಂಬ ಸಾಲನ್ನು ಯಾರೂ ಬರೆಯಬಾರದು.

ಮಾಚೇನಹಳ್ಳಿ ಲೆಕ್ಕಿಗ: ನಾನು ಬರೆಯುತ್ತೇನೆ, ಆದರೆ ಸಂಜೆ 7ರಿಂದ 8ರವರೆಗೆ ಮಾತ್ರ ಎಂದು. ಆ ಸಾಲಿಲ್ಲದಿದ್ದರೆ ನಮ್ಮಂಥವರಿಗೆ ಕೊಯ್ಲಿನಲ್ಲಿ ರಜೆಯೇ ಸಿಗುವುದಿಲ್ಲ.

ಆಗುಂಬೆ ಘಟ್ಟದವಳು: ಸಂಜೆ 7ಕ್ಕೆ ನಮ್ಮಲ್ಲಿ ಸುಲಿಯುವವರೆಲ್ಲ ಅಂಗಳದಲ್ಲಿ ಕೂತಿರುತ್ತಾರೆ, ಅವರ ಲೆಕ್ಕ ಬರೆಯುವವಳು ನಾನೇ. ನಿಮ್ಮ ಮನೆಯಲ್ಲಿ ಆ ಹೊತ್ತಿಗೆ ಬಿಡುವಿರಬಹುದು.

ಭದ್ರಾವತಿಯ ಪಾಳಿಯವ: ಇಬ್ಬರೂ ಬಿಡಿ. ಪ್ರಶ್ನೆ ಕೇಳಿದವರೇ, ನಿಮ್ಮ ಸಹಾಯಕರು ಈ ನವೆಂಬರ್ 14ರಿಂದ 20ರ ಕೆಲಸವನ್ನು ನಿಮ್ಮ ಪಕ್ಕದಲ್ಲಿ ಕೂತು ತಾವೇ ಮಾಡಿ ನೋಡಿದ್ದಾರೆಯೇ? ಮಾಡಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.