ಕುಟುಂಬದ ಕಾರಣಕ್ಕೆ ಬೇರೆ ಜಿಲ್ಲೆಗೆ ವರ್ಗಾವಣೆ: ಅರ್ಜಿ ಹಾಕಿದವರು ಅನುಭವ ಹೇಳಿ

ಹಾಸನದ ಅಳಿಯ: ವಿಜಯಪುರದಲ್ಲಿ ಎಸ್‌ಡಿಎ, 6 ವರ್ಷ ಆಯ್ತು. ಹೆಂಡತಿ ಹಾಸನದಲ್ಲಿ ಸರ್ಕಾರಿ ಶಾಲೆ ಟೀಚರ್. ಮಾವನವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಯುಕ್ತರಿಗೆ ಅರ್ಜಿ ಕೊಡಬೇಕು, ಸಾಹೇಬರ ಮುಖಾಂತರವೇ ಹೋಗಬೇಕಂತೆ. ಹಾಕಿದವರು ಏನಾಯ್ತು ಹೇಳ್ತೀರಾ?

ಮಲೆನಾಡ ಅಕ್ಕ: ನನಗೆ 14 ತಿಂಗಳು ಹಿಡಿಯಿತು. ಅದರಲ್ಲಿ ನಾಲ್ಕು ತಿಂಗಳು ಒಂದೇ ಒಂದು ಸಾಲಿಗೆ ಹೋಯಿತು. ನಮ್ಮ ಕಚೇರಿಯವರು ಅರ್ಜಿಗೆ ಹಚ್ಚಿದ ಪತ್ರದಲ್ಲಿ ‘ಮುಂದಿನ ಕ್ರಮಕ್ಕಾಗಿ ಸಲ್ಲಿಸಿದೆ’ ಅಂತ ಮಾತ್ರ ಬರೆದಿದ್ದರು. ಕಳಿಸಲು ಒಪ್ಪಿಗೆ ಇದೆಯಾ, ನನ್ನ ಮೇಲೆ ವಿಚಾರಣೆ ಬಾಕಿ ಇದೆಯಾ, ಒಂದು ಮಾತೂ ಇರಲಿಲ್ಲ. ಮೇಲಿನವರು ‘ಸ್ಪಷ್ಟ ಅಭಿಪ್ರಾಯದೊಂದಿಗೆ ಮರುಸಲ್ಲಿಸಿ’ ಅಂತ ವಾಪಸ್ ಕಳಿಸಿದರು. ಅದು ಬಂದಿದ್ದೂ ನನಗೆ ಗೊತ್ತಾಗಲಿಲ್ಲ, ಕೇಸ್ ವರ್ಕರ್ ಮೇಜಿನಲ್ಲಿ ಬೇರೆ ಫೈಲಿನ ಕೆಳಗಿತ್ತು. ಅಷ್ಟರಲ್ಲಿ ಅಮ್ಮನ ವೈದ್ಯಕೀಯ ಪ್ರಮಾಣಪತ್ರ ಹಳೇದಾಯಿತು ಅಂದರು. ಮೂರು ಸಲ ಹೊಸದು ಮಾಡಿಸಿದೆ. ರಾತ್ರಿ ಬಸ್ಸಿಗೆ 900 ರೂಪಾಯಿಯಂತೆ ಬೆಂಗಳೂರಿಗೆ ಹೋಗಿ ಬಂದದ್ದು 11 ಸಲ. ಟಿಕೆಟ್ಟೆಲ್ಲ ಇನ್ನೂ ಇಟ್ಟುಕೊಂಡಿದ್ದೀನಿ, ಯಾಕೋ ಗೊತ್ತಿಲ್ಲ.

ಇಂಡಿ ಹುಡುಗ: ಅಕ್ಕಾ, ಇಷ್ಟೆಲ್ಲ ಯಾಕೆ ಬೇಕಿತ್ತು? ನಾನು ಶಾಸಕರ ಲೆಟರ್ ಹಚ್ಚಿದೆ, ಎರಡು ತಿಂಗಳಲ್ಲಿ ಆರ್ಡರ್ ಕೈಗೆ ಬಂತು. ಸರಿಯಾದ ದಾರಿ ಅಂತ ಕೂತರೆ ಕೂತೇ ಇರ್ತೀರಿ.

ಹಳೇ ಸಿರಸ್ತೇದಾರ: ತಮ್ಮಾ, ವರ್ಗಾವಣೆಗೆ ಹೊರಗಿನ ಒತ್ತಡ ತರುವುದು ನಡತೆ ನಿಯಮಕ್ಕೆ ವಿರುದ್ಧ. ನಿನಗೆ ನಡೆದಿರಬಹುದು. ನಮ್ಮಲ್ಲಿ ಒಬ್ಬರಿಗೆ ಅದೇ ಲೆಟರ್ ಫೈಲಿನಲ್ಲಿ ಸಿಕ್ಕಿ ನೋಟಿಸ್ ಬಂತು.

ಅಳಿಯಂದಿರೇ, ನೀವು ಮೊದಲು ನೋಡಬೇಕಾದ್ದು ಬೇರೆ. ನಿಮ್ಮ ಹುದ್ದೆಯ ಜ್ಯೇಷ್ಠತಾ ಪಟ್ಟಿ ಜಿಲ್ಲೆಗೊಂದಾ, ರಾಜ್ಯಕ್ಕೆಲ್ಲ ಒಂದೇನಾ? ಜಿಲ್ಲೆಗೊಂದಾದರೆ, ಸ್ವಂತ ಕೋರಿಕೆ ಮೇಲೆ ಹೋದವರು ಅಲ್ಲಿ ಅದೇ ದರ್ಜೆಯವರ ಪಟ್ಟಿಯಲ್ಲಿ ಕೊನೆಯವರು. ನಾನು 9 ವರ್ಷದ ಸೇವೆ ಹೊತ್ತುಕೊಂಡು ಹೋದೆ. ಹಿಂದಿನ ವರ್ಷ ಕೆಲಸಕ್ಕೆ ಸೇರಿದ ಹುಡುಗಿಯ ಹೆಸರಿನ ಕೆಳಗೆ ನನ್ನ ಹೆಸರು ಬಂತು. ಮೂಲ ವೇತನ ಇಳಿಯಲಿಲ್ಲ, ಇಂಕ್ರಿಮೆಂಟ್ ನಿಲ್ಲಲಿಲ್ಲ. ಬಡ್ತಿ ಮಾತ್ರ ಹೋಯಿತು. ಹಳೇ ಜಿಲ್ಲೆಯಲ್ಲಿ ನನ್ನ ಕೈಕೆಳಗೆ ಟಪಾಲು ಬರೆಯುತ್ತಿದ್ದವ ಎಫ್‌ಡಿಎ ಆಗಿ ಫೋನ್ ಮಾಡಿದ, ‘ಸಾರ್ ಆಶೀರ್ವಾದ ಮಾಡಿ’ ಅಂತ. ಮಾಡಿದೆ, ಏನ್ ಮಾಡೋದು. ಜ್ಯೇಷ್ಠತೆ ಬಿಟ್ಟುಕೊಡಲು ಒಪ್ಪಿಗೆ ಅಂತ ಮುಚ್ಚಳಿಕೆ ಕೇಳುತ್ತಾರೆ. ಮನೆಯವರ ಜೊತೆ ಕೂತು ಓದಿ ಸಹಿ ಹಾಕಿ.

ಮೇಷ್ಟ್ರು: ಇದಕ್ಕೆಲ್ಲ ಅರ್ಜಿ ಯಾಕೆ? ಶಿಕ್ಷಕರ ವರ್ಗಾವಣೆಗೆ 2020ರ ಕಾಯ್ದೆಯೇ ಇದೆ, ಕೌನ್ಸೆಲಿಂಗ್ ಇದೆ. ನಿಮ್ಮ ಮನೆಯವರೇ ಪತಿ-ಪತ್ನಿ ಪ್ರಕರಣದಲ್ಲಿ ವಿಜಯಪುರ ಆಯ್ಕೆ ಮಾಡಿಕೊಳ್ಳಲಿ. ನನ್ನ ಹೆಂಡತಿ ಹಾಗೇ ಬಂದಿದ್ದು, ಒಂದು ರೂಪಾಯಿ ಖರ್ಚಿಲ್ಲ.

ಮಲೆನಾಡ ಅಕ್ಕ: ಮೇಷ್ಟ್ರೇ, ಪ್ರಶ್ನೆ ಓದಿದ್ರಾ? ಡಯಾಲಿಸಿಸ್ ಆಗುತ್ತಿರುವುದು ಆಕೆಯ ಅಪ್ಪನಿಗೆ. ಅವರನ್ನೂ ಹೊತ್ತುಕೊಂಡು ಬರಬೇಕಾ? ಯಾವಾಗಲೂ ಹೆಂಡತಿಯೇ ಯಾಕೆ ಗಂಟುಮೂಟೆ ಕಟ್ಟಬೇಕು?

ಮೇಷ್ಟ್ರು: ನಾನು ದಾರಿ ಹೇಳಿದೆ ಅಷ್ಟೇ. ನೀವು ನಮ್ಮ ಮನೆ ವಿಷಯಕ್ಕೆ ಬರಬೇಡಿ.

ಮಲೆನಾಡ ಅಕ್ಕ: ಮನೆ ವಿಷಯ ತಂದಿದ್ದು ನೀವೇ.

ಇಂಡಿ ಹುಡುಗ: ಸಿರಸ್ತೇದಾರ್ ಸಾಹೇಬರೇ, ನಿಯಮ ಹೇಳಿದ್ರಿ, ಸರಿ. ನಿಯಮದಿಂದ ನಿಮಗೆ ಸಿಕ್ಕಿದ್ದು ಪಟ್ಟಿಯ ಕೊನೆ.

ಹಳೇ ಸಿರಸ್ತೇದಾರ: ಲೆಟರ್ ತಂದ ನೀನೂ ಕೊನೆಯಲ್ಲೇ ಇದ್ದೀಯ, ಪಟ್ಟಿ ತೆಗೆದು ನೋಡು. ಸ್ವಂತ ಕೋರಿಕೆಯದ್ದಾದರೆ ಪ್ರಯಾಣ ಭತ್ಯೆಯೂ ಇಲ್ಲ. ನನ್ನ ಎಲ್‌ಪಿಸಿ ಹಳೇ ಕಚೇರಿಯಿಂದ ಬರೋದು ತಡವಾಗಿ ಎರಡು ತಿಂಗಳು ಸಂಬಳ ಇರಲಿಲ್ಲ. ಲಾರಿಗೆ ಕೊಟ್ಟ 18 ಸಾವಿರ ಸಾಲ ಮಾಡಿದ್ದು.

ಹಾಸನದ ಅಳಿಯ: ಎಲ್ಲರಿಗೂ ಥ್ಯಾಂಕ್ಸ್. ನಮ್ಮದು ಜಿಲ್ಲಾ ಪಟ್ಟಿಯೇ. ಬಡ್ತಿ ಹೋದರೂ ಪರವಾಗಿಲ್ಲ ಅಂತ ಹೆಂಡತಿ, ನಾನು ಇಬ್ಬರೂ ಮಾತಾಡಿಕೊಂಡಿದ್ದೀವಿ. ಇನ್ನೊಂದು: ಸಾಹೇಬರ ಹತ್ತಿರ ಅರ್ಜಿ ನಿಂತುಬಿಟ್ಟರೆ ಅಂತ ಆಯುಕ್ತರಿಗೆ ಮುಂಗಡ ಪ್ರತಿ ನೇರವಾಗಿ ಕಳಿಸಬಹುದಾ?

ಮಲೆನಾಡ ಅಕ್ಕ: ಕಳಿಸಿ. ಮೇಲೆ ‘ಮುಂಗಡ ಪ್ರತಿ’ ಅಂತ ದಪ್ಪಗೆ ಬರೆಯಿರಿ. ಮೂಲ ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಇನ್ವರ್ಡ್ ನಂಬರ್ ಹಾಕಿಸಿಕೊಂಡ ಮೇಲೆ ಕಳಿಸಿ. ನನ್ನ ಎರಡನೇ ಅರ್ಜಿ ಓಡಿದ್ದೇ ಆ ನಂಬರಿನಿಂದ.

ಹಳೇ ಸಿರಸ್ತೇದಾರ: ನಾನಾದರೆ ಕಳಿಸುವುದಿಲ್ಲ. ‘ನನ್ನ ಮೇಲೆ ನಂಬಿಕೆ ಇಲ್ವಾ’ ಅಂತ ಸಾಹೇಬರು ಮುನಿಸಿಕೊಂಡರೆ, ಆ ಅಭಿಪ್ರಾಯ ಬರೆಯೋದು ಅವರೇ.

ಮಲೆನಾಡ ಅಕ್ಕ: ಮುನಿಸಿಕೊಳ್ಳಲಿ ಬಿಡಿ. ನಿಮ್ಮಂಥವರು ಹೆದರಿಸಿದ್ದಕ್ಕೇ ನಾನು ಮೊದಲ ಸಲ ಕಳಿಸಲಿಲ್ಲ.