ನೇರ ಬಿತ್ತನೆಯ ಪ್ರಬಂಧ: ಫಲಿತಾಂಶ ಎಲ್ಲಿ ಮುಗಿದು ಚರ್ಚೆ ಎಲ್ಲಿ ಶುರುವಾಗಬೇಕು?

ಸಿಂಧನೂರಿನವಳು: ರಾಯಚೂರಿನಲ್ಲಿ ಬೇಸಾಯಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದೇನೆ. ಸೋನಾ ಮಸೂರಿ ಭತ್ತದಲ್ಲಿ ನೇರ ಬಿತ್ತನೆಯನ್ನು ನಾಟಿಯೊಂದಿಗೆ ಹೋಲಿಸಿದ್ದೇನೆ. ಫಲಿತಾಂಶದ ಅಧ್ಯಾಯದಲ್ಲಿ ಹೀಗೆ ಬರೆದಿದ್ದೆ: ‘ನೇರ ಬಿತ್ತನೆಯಲ್ಲಿ ತೆನೆಗಳು ದಟ್ಟವಾಗಿ ಪೈಪೋಟಿ ಉಂಟಾದ್ದರಿಂದ ಕಾಳುಗಳು ಕಡಿಮೆಯಾದವು, ಆದರೂ ಇಳುವರಿ ನಾಟಿಯಷ್ಟೇ ಬಂದಿತು.’ ಮಾರ್ಗದರ್ಶಕರು ಇಡೀ ವಾಕ್ಯಕ್ಕೆ ಕೆಂಪು ಗೆರೆ ಎಳೆದು ‘ಇದು ಚರ್ಚೆಗೆ’ ಎಂದರು. ಎಲ್ಲವೂ ಅಲ್ಲಿಗೆ ಹೋದರೆ ಇಲ್ಲಿ ಉಳಿಯುವುದೇನು?

ಕೊಪ್ಪಳದ ಸಂಖ್ಯಾಪ್ರೇಮಿ: ಕೋಷ್ಟಕ ಉಳಿಯುತ್ತದೆ, ಅಷ್ಟೇ ಸಾಕು. ಫಲಿತಾಂಶದಲ್ಲಿ ಕಾರಣ ಹೇಳಬಾರದು. ‘ಹೆಚ್ಚು’, ‘ಕಡಿಮೆ’, ‘ಗಣನೀಯ’ ಎನ್ನುವುದೂ ಅಭಿಪ್ರಾಯವೇ, ಅವನ್ನೂ ಕಿತ್ತುಹಾಕಿ.

ಹಳೆಯ ಪರೀಕ್ಷಕ: ಕಾರಣದ ವಿಷಯದಲ್ಲಿ ನಿಮ್ಮ ಮಾತು ಸರಿ, ಉಳಿದದ್ದು ಸರಿಯಲ್ಲ. ಗಣನೀಯ ಹೌದೋ ಅಲ್ಲವೋ ಎಂಬುದು ಲೆಕ್ಕದಿಂದ ಬಂದ ಉತ್ತರ, ಅದು ಫಲಿತಾಂಶವೇ. ಬರಿಯ ಕೋಷ್ಟಕ ಕೊಟ್ಟರೆ ಓದುವವರು ಏನನ್ನು ನೋಡಬೇಕು ಎಂದು ಹುಡುಕುತ್ತಾ ಕೂರಬೇಕಾಗುತ್ತದೆ. ತಂಗಿ, ಅಂಕಿಗಳನ್ನು ಹಾಕಮ್ಮ.

ಸಿಂಧನೂರಿನವಳು: ಚದರ ಮೀಟರಿಗೆ ತೆನೆಗಳು ನೇರ ಬಿತ್ತನೆಯಲ್ಲಿ 330, ನಾಟಿಯಲ್ಲಿ 270, ಸಿ.ಡಿ., ಅಂದರೆ ಗಣನೀಯ ಎನ್ನಲು ಬೇಕಾದ ಕನಿಷ್ಠ ವ್ಯತ್ಯಾಸ, 30. ತೆನೆಗೆ ತುಂಬಿದ ಕಾಳು 105 ಮತ್ತು 135, ಸಿ.ಡಿ. 14. ಹೆಕ್ಟೇರಿಗೆ ಇಳುವರಿ 50 ಮತ್ತು 53 ಕ್ವಿಂಟಲ್, ಸಿ.ಡಿ. 6.

ಹಳೆಯ ಪರೀಕ್ಷಕ: ನಿನ್ನ ಒಂದು ವಾಕ್ಯದೊಳಗೆ ಮೂರು ಬೇರೆ ಬೇರೆ ಸರಕುಗಳಿವೆ. ತೆನೆ ಹೆಚ್ಚು, ಕಾಳು ಕಡಿಮೆ: ಎರಡರಲ್ಲೂ ವ್ಯತ್ಯಾಸ ಸಿ.ಡಿ.ಯನ್ನು ದಾಟಿದೆ, ಆದ್ದರಿಂದ ‘ಗಣನೀಯವಾಗಿ’ ಎಂದು ಸೇರಿಸಿ ಫಲಿತಾಂಶದಲ್ಲೇ ಇಡು. ‘ಪೈಪೋಟಿಯಿಂದ’ ಎಂಬುದನ್ನು ತೆಗೆ. ಪೈಪೋಟಿಯನ್ನು ನೀನು ಅಳೆಯಲಿಲ್ಲ, ಊಹಿಸಿದೆ. ಮೂರನೆಯದು ಮೋಸದ್ದು: ‘ನಾಟಿಯಷ್ಟೇ’. ವ್ಯತ್ಯಾಸ 3 ಕ್ವಿಂಟಲ್, ಸಿ.ಡಿ. 6. ಅಂದರೆ ನಿನ್ನ ಪ್ರಯೋಗಕ್ಕೆ 3 ಕ್ವಿಂಟಲ್ ಅಂತರವನ್ನು ಗುರುತಿಸುವ ಶಕ್ತಿಯೇ ಇರಲಿಲ್ಲ. ‘ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ’ ಎನ್ನಬಹುದು; ‘ಎರಡೂ ಸಮ’ ಎನ್ನಲಾಗದು. ಮೌಖಿಕ ಪರೀಕ್ಷೆಯಲ್ಲಿ ನಾನಾಗಿದ್ದರೆ ಇದನ್ನೇ ಹಿಡಿಯುತ್ತಿದ್ದೆ.

ಬಳ್ಳಾರಿ ಸಮಾಜಶಾಸ್ತ್ರ: ನನ್ನದು ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳ ಸಂದರ್ಶನ. ಅವರ ಮಾತನ್ನು ಒಂದು ಅಧ್ಯಾಯದಲ್ಲಿಟ್ಟು ಅರ್ಥವನ್ನು ಇನ್ನೊಂದರಲ್ಲಿ ಬರೆದೆ. ಓದಿದವರೆಲ್ಲ ಹಿಂದೆ ಮುಂದೆ ಪುಟ ತಿರುವಿ ಸುಸ್ತಾದರು. ಕೊನೆಗೆ ಎರಡನ್ನೂ ಕೂಡಿಸಿದೆ. ಮಾತುಗಳನ್ನು ವಿಷಯವಾರು ಗುಂಪು ಮಾಡುವುದೇ ಒಂದು ವ್ಯಾಖ್ಯಾನವಲ್ಲವೇ ಸರ್?

ಹಳೆಯ ಪರೀಕ್ಷಕ: ಹೌದು ಮೇಡಂ. ಅಲ್ಲಿ ಅಧ್ಯಾಯ ಒಂದೇ ಇರಲಿ. ಆದರೆ ಯಾವುದು ಆಕೆಯ ಮಾತು, ಯಾವುದು ನಿಮ್ಮದು ಎಂಬುದು ಪ್ರತಿ ಪುಟದಲ್ಲೂ ಕಾಣಬೇಕು.

ಮಸ್ಕಿಯ ರೈತ: ಏನಮ್ಮ, ಪೈಪೋಟಿ ಗೀಪೋಟಿ ಎಂದು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ನೇರ ಬಿತ್ತನೆಗೆ ಮೊದಲ ಶತ್ರು ಕಳೆ. ಕಾಲುವೆಯ ಕೊನೆಯ ಹೊಲದಲ್ಲಿ ನೀರು ನಿಲ್ಲುವುದಿಲ್ಲ, ಹುಲ್ಲು ಮಾತ್ರ ನಿಲ್ಲುತ್ತದೆ. ಮೊದಲು ಕಳೆನಾಶಕದ ಬಗ್ಗೆ ಬರೆಯಿರಿ.

ಸಿಂಧನೂರಿನವಳು: ಅಣ್ಣ, ನಾನು ಕೇಳಿದ್ದು ಬರೆಯುವ ರೀತಿಯನ್ನು. ಆದರೆ ಕಳೆಯ ಒಣ ತೂಕ ನನ್ನ ಬಳಿ ಇದೆ; ನೇರ ಬಿತ್ತನೆಯಲ್ಲೇ ಗಣನೀಯವಾಗಿ ಹೆಚ್ಚು. ಅದನ್ನು ಬೇರೆ ಕೋಷ್ಟಕದಲ್ಲಿಟ್ಟು ಮರೆತೇಬಿಟ್ಟಿದ್ದೆ.

ಹಳೆಯ ಪರೀಕ್ಷಕ: ನೋಡು, ರೈತರು ಬೇರೆಯದೇ ಕೇಳಿ ನಿನ್ನ ಚರ್ಚೆಯ ಅಧ್ಯಾಯವನ್ನು ಬರೆದುಕೊಟ್ಟರು. ಈಗ ಕಾಳು ಕಡಿಮೆಯಾಗಲು ಎರಡು ಕಾರಣಗಳಿವೆ: ತೆನೆಗಳ ದಟ್ಟಣೆ, ಇಲ್ಲವೇ ಕಳೆ. ಫಲಿತಾಂಶದಲ್ಲೇ ‘ಪೈಪೋಟಿಯಿಂದ’ ಎಂದು ಉಳಿಸಿಕೊಂಡಿದ್ದರೆ ಎರಡನೆಯದು ನಿನಗೆ ಹೊಳೆಯುತ್ತಲೇ ಇರಲಿಲ್ಲ. ಕಳೆಯ ತೂಕವೂ ಫಲಿತಾಂಶಕ್ಕೆ ಹೋಗಲಿ. ಎರಡನ್ನೂ ತೂಗುವ ಕೆಲಸ ಚರ್ಚೆಯದ್ದು. ಕಳೆರಹಿತ ತಾಕು ಇತ್ತೇ?

ಸಿಂಧನೂರಿನವಳು: ಇರಲಿಲ್ಲ ಸರ್.

ಕೊಪ್ಪಳದ ಸಂಖ್ಯಾಪ್ರೇಮಿ: ಕಳೆಗೂ ಕಾಳಿಗೂ ಸಹಸಂಬಂಧ ತೆಗೆದರೆ ತೀರ್ಮಾನವಾಗುತ್ತದಲ್ಲ?

ಹಳೆಯ ಪರೀಕ್ಷಕ: ಆಗುವುದಿಲ್ಲ. ಎಲ್ಲ ತಾಕುಗಳನ್ನು ಸೇರಿಸಿ ತೆಗೆದರೆ ಎರಡು ಪದ್ಧತಿಗಳ ಅಂತರವೇ ಸಹಸಂಬಂಧದ ವೇಷ ಹಾಕಿ ಬರುತ್ತದೆ. ನೇರ ಬಿತ್ತನೆಯ ತಾಕುಗಳೊಳಗೇ ಕಳೆ ಹೆಚ್ಚಿದ್ದಲ್ಲಿ ಕಾಳು ಇಳಿದಿದೆಯೇ ನೋಡಬಹುದು. ಆದರೆ ಅಷ್ಟು ಕಡಿಮೆ ತಾಕುಗಳಲ್ಲಿ ಅದು ಸುಳಿವು ಮಾತ್ರ. ‘ಈ ಪ್ರಯೋಗದಿಂದ ಇವೆರಡನ್ನು ಬೇರ್ಪಡಿಸಲಾಗದು’ ಎಂದು ಚರ್ಚೆಯಲ್ಲಿ ನೇರವಾಗಿ ಬರೆ.

ಸಿಂಧನೂರಿನವಳು: ಫಲಿತಾಂಶವನ್ನು ಹೀಗೆ ತಿದ್ದಿದೆ: ‘ನೇರ ಬಿತ್ತನೆಯಲ್ಲಿ ನಾಟಿಗಿಂತ ತೆನೆಗಳು ಗಣನೀಯವಾಗಿ ಹೆಚ್ಚಿದ್ದವು, ತೆನೆಗೆ ಕಾಳುಗಳು ಗಣನೀಯವಾಗಿ ಕಡಿಮೆಯಿದ್ದವು. ಇಳುವರಿಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.’ ಆದರೆ ಸಾರಾಂಶದಲ್ಲಿ ‘ಇಳುವರಿ ಸಮ, ರೈತರಿಗೆ ಶಿಫಾರಸು ಮಾಡಬಹುದು’ ಎಂಬ ಸಾಲು ಇರಲೇಬೇಕು ಎನ್ನುತ್ತಾರೆ ಮಾರ್ಗದರ್ಶಕರು.

ಬಳ್ಳಾರಿ ಸಮಾಜಶಾಸ್ತ್ರ: ಸಹಿ ಅವರದು. ಬರೆದುಬಿಡಿ.

ಮಸ್ಕಿಯ ರೈತ: 3 ಕ್ವಿಂಟಲ್ ಕಡಿಮೆ ಬಂದರೆ ಅವರ ಸಹಿಯನ್ನು ಮಂಡಿಯಲ್ಲಿ ಮಾರಲಾಗುತ್ತದೆಯೇ?

ಹಳೆಯ ಪರೀಕ್ಷಕ: ನಾಟಿಯ ಕೂಲಿ ಉಳಿದದ್ದನ್ನು ಲೆಕ್ಕ ಹಾಕಿದ್ದರೆ ಅದನ್ನು ಮುಂದಿಟ್ಟು ಕೇಳು. ಶಿಫಾರಸು ನಿಲ್ಲುವುದಾದರೆ ವೆಚ್ಚದ ಮೇಲೆ ನಿಲ್ಲಲಿ. ಒಪ್ಪುತ್ತಾರೋ ಇಲ್ಲವೋ ಹೇಳಲಾರೆ.