ಅಪ್‌ಡೇಟ್: ಗೀಸರ್ ಟ್ರಿಪ್ ಆಗೋದು ನಿಂತಿತು

ನನ್ನ ಪ್ರಶ್ನೆ: ಗೀಸರ್ ಹಾಕಿದ ಸ್ವಲ್ಪ ಹೊತ್ತಿಗೆ ಇಡೀ ಮನೆಯ ಕರೆಂಟ್ ಹೋಗುತ್ತೆ, ನಲ್ಲಿ ಮುಟ್ಟಿದ್ರೆ ಜುಮ್ಮೆನ್ನುತ್ತೆ. ಏನು ಕಾರಣ?

ಎಲಿಮೆಂಟ್ ಪರೀಕ್ಷೆ ಮಾಡಿಸಿ ಅಂದವರ ಮಾತೇ ನಿಜವಾಯ್ತು, ತುಂಬಾ ಥ್ಯಾಂಕ್ಸ್. ಥರ್ಮೋಸ್ಟಾಟ್ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಲೋಡ್ ಜಾಸ್ತಿಯಾದ್ರೆ ಬೀಳೋ ಸ್ವಿಚ್, ಅಂದ್ರೆ ಎಂಸಿಬಿ, ದೊಡ್ಡದು ಹಾಕಿ ಅಂತ ಕೆಲವರು ಅಂದಿದ್ದನ್ನು ಎಲೆಕ್ಟ್ರಿಷಿಯನ್ ಒಪ್ಪಲೇ ಇಲ್ಲ. 2 ಕಿಲೋವ್ಯಾಟ್ ಗೀಸರ್ ಎಳೆಯೋದು ಸುಮಾರು 9 ಆಂಪಿಯರ್, ಈಗಿರೋ 16 ಆಂಪಿಯರಿನದೇ ಸಾಕು. ಬೀಳ್ತಿರೋದು ಕರೆಂಟ್ ಸೋರಿದ್ರೆ ಆಫ್ ಆಗೋ ಆರ್‌ಸಿಸಿಬಿ, ಅಂದ್ರೆ ಎಲ್ಲೋ ಸೋರ್ತಿದೆ ಅಂದ್ರು.

ಇನ್ಸುಲೇಷನ್ ಅಳೆಯೋ ಮೆಗ್ಗರ್ ಹಿಡಿದಾಗ ಎಲಿಮೆಂಟಿಗೂ ಟ್ಯಾಂಕಿಗೂ ನಡುವೆ ಸೊನ್ನೆ ಹತ್ತಿರ ತೋರಿಸ್ತು; ಕನಿಷ್ಠ 1 ಮೆಗಾಓಮ್ ಇರಬೇಕಂತೆ. ಬಿಚ್ಚಿ ನೋಡಿದ್ರೆ ಬೋರ್ ನೀರಿನ ಬಿಳಿ ಗಸಿಯ ಕೆಳಗೆ ಎಲಿಮೆಂಟ್ ಕೊಳವೆ ಕೂದಲೆಳೆಯಷ್ಟು ಸೀಳಿತ್ತು. ನೀರು ಒಳಗಿನ ಪುಡಿಗೆ ಇಳಿದಿತ್ತು.

ನಿಜಕ್ಕೂ ಹೆದರಿಸಿದ್ದು ಇನ್ನೊಂದು: ಸಾಕೆಟ್ಟಿನ ಅರ್ಥ್ ವೈರ್ ಸ್ಕ್ರೂನಿಂದ ಕಳಚಿ ಸುಮ್ಮನೆ ನೇತಾಡ್ತಿತ್ತು. ಅದಕ್ಕೇ ಸೋರಿದ ಕರೆಂಟ್ ನಲ್ಲಿವರೆಗೂ ಬರ್ತಿತ್ತು. ಬರೀ ಎಲಿಮೆಂಟ್ ಬದಲಿಸಿದ್ರೆ ಇದು ಗೊತ್ತೇ ಆಗ್ತಿರಲಿಲ್ಲ. ಹೊಸ ಎಲಿಮೆಂಟ್, ಗ್ಯಾಸ್ಕೆಟ್ ಹಾಕಿ, ಅರ್ಥ್ ಬಿಗಿ ಮಾಡಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡಿದ್ರು. ಈಗ ಟ್ರಿಪ್ ಇಲ್ಲ.

ನಲ್ಲಿಯಲ್ಲಿ ಜುಮ್ಮೆಂದ್ರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ನ ಕರೀರಿ. ದಯವಿಟ್ಟು ನೀವೇ ಬಿಚ್ಚಬೇಡಿ, ಮತ್ತೆ ಮತ್ತೆ ಸ್ವಿಚ್ ಎತ್ತಲೂಬೇಡಿ.